ಓಟಿ ಗಂಟೆ, ಖಾಲಿ ಗಂಟೆ: ಕೂಲಿ ಲೆಕ್ಕದಲ್ಲಿ ತಪ್ಪು ಯಾರ ತಲೆಗೆ ಬೀಳುತ್ತೆ?

ಒಂದು ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ಹನ್ನೆರಡು ಜನ ಕೆಲಸಗಾರರು. ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ, ತೂತು ಕೊರೆದು, ಬಗ್ಗಿಸಿ ಬ್ರಾಕೆಟ್ ಮಾಡುತ್ತಾರೆ. ಒಂದು ಬ್ರಾಕೆಟ್‌ಗೆ ಅರ್ಧ ಗಂಟೆ ಬೇಕು ಅಂತ ಮೊದಲೇ ಅಳೆದು ಗೊತ್ತುಮಾಡಿದ್ದಾರೆ. ಗಂಟೆಗೆ 200 ರೂಪಾಯಿ ಕೂಲಿ ಅಂತಲೂ ಗೊತ್ತುಮಾಡಿದ್ದಾರೆ. ಇವೆರಡೂ ಸೇರಿದರೆ ಕೂಲಿಯ ಸ್ಟ್ಯಾಂಡರ್ಡ್: ಒಂದು ಬ್ರಾಕೆಟ್‌ಗೆ 100 ರೂಪಾಯಿ.

ಒಂದು ವಾರ ಸರಿಯಾಗಿ 1,000 ಬ್ರಾಕೆಟ್ ತಯಾರಾದವು. ಸ್ಟ್ಯಾಂಡರ್ಡ್ ಪ್ರಕಾರ 500 ಗಂಟೆ, 1,00,000 ರೂಪಾಯಿ ಆಗಬೇಕಿತ್ತು. ಆದರೆ ಕೂಲಿಯ ಬಿಲ್ ಬಂದಿದ್ದು 1,16,850 ರೂಪಾಯಿ. ಅಂದರೆ 16,850 ಜಾಸ್ತಿ. ಯಾಕೆ ಜಾಸ್ತಿಯಾಯ್ತು ಅನ್ನೋದನ್ನು ಬಿಡಿಸಿ ಹೇಳುವುದೇ ವ್ಯತ್ಯಾಸಗಳ ಕೆಲಸ. ಇದನ್ನೇ ಆಫೀಸಿನಲ್ಲಿ ವೇರಿಯನ್ಸ್ ಅಂತಾರೆ.

ಆ ವಾರ ಏನೇನಾಯ್ತು ನೋಡೋಣ. ಹನ್ನೆರಡು ಜನ ತಲಾ 40 ಗಂಟೆ ಮಾಮೂಲಿ ಕೆಲಸಕ್ಕೆ ಬಂದರು, ಒಟ್ಟು 480 ಗಂಟೆ. ಅದರ ಮೇಲೆ ತಲಾ 5 ಗಂಟೆ ಓವರ್‌ಟೈಮ್, ಒಟ್ಟು 60 ಗಂಟೆ. ಹಾಜರಿ ಪುಸ್ತಕದ ಪ್ರಕಾರ 540 ಗಂಟೆ. ಇದರ ಮಧ್ಯೆ ಬುಧವಾರ ಏರ್ ಕಂಪ್ರೆಸರ್ ಕೆಟ್ಟು ಇಡೀ ಶಾಪ್ ಮೂರು ಗಂಟೆ ನಿಂತಿತು. ಹನ್ನೆರಡು ಜನ ಮೂರು ಗಂಟೆ ಸುಮ್ನೆ ಕೂತರು. ಆ 36 ಗಂಟೆಗೂ ಕೂಲಿ ಕೊಡಲೇಬೇಕು. ಹಾಗಾಗಿ ನಿಜವಾಗಿ ಕೈ ಆಡಿದ್ದು 504 ಗಂಟೆ ಮಾತ್ರ.

ಇನ್ನು ದರ. ಸ್ಟ್ಯಾಂಡರ್ಡ್ ಗೊತ್ತುಮಾಡಿದ ಮೇಲೆ ಇಬ್ಬರು ಹಿರಿಯ ಕೆಲಸಗಾರರಿಗೆ ಕೂಲಿ ಏರಿ 230 ರೂಪಾಯಿ ಆಗಿತ್ತು. ಉಳಿದ ಹತ್ತು ಜನಕ್ಕೆ 200 ರೂಪಾಯಿಯೇ. ಎಲ್ಲರೂ ಒಂದೇ ಸಮ ಗಂಟೆ ಕೆಲಸ ಮಾಡಿದ್ದರಿಂದ ಸರಾಸರಿ 205 ರೂಪಾಯಿ. ಓವರ್‌ಟೈಮ್‌ಗೆ ಒಂದೂವರೆ ಪಟ್ಟು ಅಂತ ಒಪ್ಪಂದ ಇದೆ ಅಂದುಕೊಳ್ಳೋಣ. ಅಂದರೆ ಓಟಿ ಗಂಟೆಗೆ 307.50 ರೂಪಾಯಿ. ಇದರಲ್ಲಿ 205 ಮೂಲ ಕೂಲಿ, 102.50 ಮೇಲಿನದು. ಈ ಮೇಲಿನ ಭಾಗವನ್ನು ಓಟಿ ಪ್ರೀಮಿಯಂ ಅಂತಾರೆ. ಓವರ್‌ಟೈಮ್ ಬಂದಾಗಲೆಲ್ಲ ಈ ಎರಡು ಭಾಗಗಳನ್ನು ಮೊದಲು ಬೇರೆ ಮಾಡಿಟ್ಟುಕೊಳ್ಳಿ. ಮುಂದಿನ ಗೊಂದಲ ಅರ್ಧ ಅಲ್ಲೇ ಮುಗಿಯುತ್ತೆ.

540 ಗಂಟೆಗೆ 205ರಂತೆ 1,10,700 ರೂಪಾಯಿ. 60 ಓಟಿ ಗಂಟೆಗೆ 102.50ರಂತೆ ಪ್ರೀಮಿಯಂ 6,150. ಎರಡೂ ಸೇರಿ 1,16,850. ಬಿಲ್ ತಾಳೆಯಾಯ್ತು.

ಎರಡೇ ತುಂಡು ಮಾಡಿದರೆ

ಪರೀಕ್ಷೆಗೆ ಓದಿದವರಿಗೆಲ್ಲ ಎರಡು ಸೂತ್ರ ಬಾಯಿಗೆ ಬರುತ್ತವೆ. ದರದ ವ್ಯತ್ಯಾಸ ಅಂದರೆ, ಕೊಟ್ಟ ಕೂಲಿಯಿಂದ ‘ನಿಜ ಗಂಟೆ × ಸ್ಟ್ಯಾಂಡರ್ಡ್ ದರ’ ಕಳೆಯುವುದು. ದಕ್ಷತೆಯ ವ್ಯತ್ಯಾಸ ಅಂದರೆ, ನಿಜ ಗಂಟೆಯಿಂದ ಸ್ಟ್ಯಾಂಡರ್ಡ್ ಗಂಟೆ ಕಳೆದು ಸ್ಟ್ಯಾಂಡರ್ಡ್ ದರದಿಂದ ಗುಣಿಸುವುದು. ಹಾಕಿ ನೋಡೋಣ. ಖರ್ಚು ಸ್ಟ್ಯಾಂಡರ್ಡ್‌ಗಿಂತ ಜಾಸ್ತಿಯಾದರೆ ಪ್ರತಿಕೂಲ, ಕಮ್ಮಿಯಾದರೆ ಅನುಕೂಲ ಅಂತ ಬರೆಯುತ್ತಾರೆ.

ದರದ ವ್ಯತ್ಯಾಸ: 1,16,850 − (540 × 200) = 8,850 ಪ್ರತಿಕೂಲ.
ದಕ್ಷತೆಯ ವ್ಯತ್ಯಾಸ: (540 − 500) × 200 = 8,000 ಪ್ರತಿಕೂಲ.

ಕೂಡಿದರೆ 16,850. ಲೆಕ್ಕ ಸರಿ. ಆದರೆ ಇದನ್ನು ಸೋಮವಾರದ ಮೀಟಿಂಗ್‌ನಲ್ಲಿ ಓದಿದರೆ ಏನು ಕೇಳಿಸುತ್ತೆ? ‘500 ಗಂಟೆಯ ಕೆಲಸಕ್ಕೆ 540 ಗಂಟೆ ತಗೊಂಡಿದ್ದೀರಿ. ನಿಮ್ಮವರು ನಿಧಾನ’ ಅಂತ ಸೂಪರ್‌ವೈಸರ್‌ಗೆ ಹೇಳಿದ ಹಾಗೆ. ‘ಕೂಲಿ ದರ ಕೈ ಮೀರಿದೆ’ ಅಂತ ಆಳು ತಗೊಳ್ಳುವವರಿಗೆ ಹೇಳಿದ ಹಾಗೆ. ಎರಡೂ ಮಾತು ಅನ್ಯಾಯವೇ. ಕಂಪ್ರೆಸರ್ ಕೆಟ್ಟಿದ್ದು ಸೂಪರ್‌ವೈಸರ್ ತಪ್ಪಲ್ಲ. ಓಟಿ ಹಾಕಿಸಿದ್ದು ಆಳು ತಗೊಳ್ಳುವವರಲ್ಲ.

ಮೊದಲು ಖಾಲಿ ಗಂಟೆ ಹೊರಗಿಡಿ

ದಕ್ಷತೆ ಅಂದರೆ ಕೆಲಸ ಮಾಡುವಾಗ ಎಷ್ಟು ಚುರುಕಾಗಿದ್ದರು ಅನ್ನೋದು. ಕೆಲಸವೇ ಇಲ್ಲದೆ ಕೂತಾಗ ಚುರುಕು, ನಿಧಾನ ಅನ್ನುವ ಮಾತೇ ಬರಲ್ಲ. ಹಾಗಾಗಿ ದಕ್ಷತೆ ಅಳೆಯುವಾಗ ಹಾಜರಿಯ ಗಂಟೆ ಹಿಡಿಯಬಾರದು, ದುಡಿದ ಗಂಟೆ ಹಿಡಿಯಬೇಕು.

ಖಾಲಿ ಸಮಯದ ವ್ಯತ್ಯಾಸ: 36 × 200 = 7,200 ಪ್ರತಿಕೂಲ.
ದಕ್ಷತೆಯ ವ್ಯತ್ಯಾಸ: (504 − 500) × 200 = 800 ಪ್ರತಿಕೂಲ.

8,000 ಇದ್ದಿದ್ದು 800ಕ್ಕೆ ಇಳಿಯಿತು. 500 ಗಂಟೆಯ ಕೆಲಸಕ್ಕೆ 504 ಗಂಟೆ ತಗೊಂಡವರನ್ನು ನಿಧಾನ ಅನ್ನೋಕಾಗುತ್ತಾ? ಯಾವ ಶಾಪ್‌ನಲ್ಲೂ ಇಷ್ಟು ಏರುಪೇರು ಇದ್ದೇ ಇರುತ್ತೆ.

ಖಾಲಿ ಗಂಟೆಗೆ 205 ಬಿಟ್ಟು 200 ಯಾಕೆ ಹಾಕಿದೆವು ಅಂತ ಕೆಲವರು ಕೇಳುತ್ತಾರೆ. ಆ 5 ರೂಪಾಯಿ ದರದ ಸಮಸ್ಯೆ. ಅದನ್ನು ದರದ ತುಂಡಿನಲ್ಲೇ ಪೂರ್ತಿ 540 ಗಂಟೆಗೆ ಎಣಿಸುತ್ತೇವೆ. ಗಂಟೆಗೆ ಸಂಬಂಧಿಸಿದ ವ್ಯತ್ಯಾಸಗಳಿಗೆಲ್ಲ ಸ್ಟ್ಯಾಂಡರ್ಡ್ ದರ ಹಾಕಿದರೆ ಒಂದೇ ದುಡ್ಡು ಎರಡು ಕಡೆ ಎಣಿಕೆಯಾಗಲ್ಲ.

ಖಾಲಿ ಸಮಯದ ವ್ಯತ್ಯಾಸ ಯಾವಾಗಲೂ ಪ್ರತಿಕೂಲವೇ ಅಂತ ಹೇಳಿಕೊಡುವುದುಂಟು. ಇಲ್ಲಿ ಅದು ನಿಜ, ಯಾಕೆಂದರೆ ನಮ್ಮ ಸ್ಟ್ಯಾಂಡರ್ಡ್‌ನಲ್ಲಿ ಖಾಲಿ ಸಮಯಕ್ಕೆ ಜಾಗವೇ ಇಲ್ಲ. ಜಾಗ ಇದ್ದರೆ ಕತೆ ಬೇರೆ. ಅದಕ್ಕೆ ಆಮೇಲೆ ಬರೋಣ.

ಆಮೇಲೆ ಪ್ರೀಮಿಯಂ

ದರದ ತುಂಡಿನಲ್ಲೂ ಎರಡು ಬೇರೆ ಬೇರೆ ವಿಷಯ ಅಂಟಿಕೊಂಡಿವೆ. ಒಂದು, ಇಬ್ಬರಿಗೆ ಕೂಲಿ ಏರಿದ್ದು. ಇನ್ನೊಂದು, ಓಟಿ ಪ್ರೀಮಿಯಂ.

ಶುದ್ಧ ದರದ ವ್ಯತ್ಯಾಸ: 540 × (205 − 200) = 2,700 ಪ್ರತಿಕೂಲ.
ಓಟಿ ಪ್ರೀಮಿಯಂ: 60 × 102.50 = 6,150 ಪ್ರತಿಕೂಲ.

2,700, 6,150, 7,200, 800. ನಾಲ್ಕನ್ನೂ ಕೂಡಿ, ಮತ್ತೆ 16,850 ಬರುತ್ತೆ. ಮೊತ್ತ ಬದಲಾಗಿಲ್ಲ, ಆದರೆ ಈಗ ಒಂದೊಂದು ಮೊತ್ತದ ಹಿಂದೆ ಒಂದೊಂದು ಕಾರಣ ಇದೆ. 2,700 ರೂಪಾಯಿಯಂತೂ ಸ್ಟ್ಯಾಂಡರ್ಡ್ ಹಳೆಯದಾಯ್ತು ಅಂತ ಹೇಳುತ್ತಿದೆ, ಅಷ್ಟೇ. ಹೊಸ ದರ ಹಾಕುವವರೆಗೆ ಅದು ಪ್ರತಿ ವಾರ ಬರುತ್ತಲೇ ಇರುತ್ತೆ. ಅದರ ಬಗ್ಗೆ ಪ್ರತಿ ವಾರ ವಿವರಣೆ ಕೇಳುವುದು ಸಮಯ ದಂಡ.

ಪ್ರೀಮಿಯಂ ಎಲ್ಲಿ ಹೋಗಬೇಕು ಅನ್ನೋದು ಓಟಿ ಯಾಕೆ ಮಾಡಿದರು ಅನ್ನೋದರ ಮೇಲೆ ನಿಂತಿದೆ. ಗಿರಾಕಿಯೇ ‘ಬೇಗ ಬೇಕು, ಜಾಸ್ತಿ ಕೊಡ್ತೀನಿ’ ಅಂದಿದ್ದರೆ ಅದು ಆ ಆರ್ಡರ್‌ನ ನೇರ ಖರ್ಚು. ಒಟ್ಟಾರೆ ಕೆಲಸ ಜಾಸ್ತಿಯಾಗಿ ಓಟಿ ಹಾಕಿದ್ದರೆ ಪ್ರೀಮಿಯಂ ಓವರ್‌ಹೆಡ್‌ಗೆ ಹೋಗುತ್ತೆ, ಎಲ್ಲ ಕೆಲಸಗಳ ಮೇಲೂ ಹಂಚಿಕೆಯಾಗುತ್ತೆ. ಸಂಜೆ ಆರರ ಮೇಲೆ ಮಷಿನ್ ಮೇಲಿದ್ದ ಕೆಲಸಕ್ಕೇ ಪ್ರೀಮಿಯಂ ಹಾಕುವುದು ತಪ್ಪು. ಆ ಕೆಲಸ ಸಂಜೆಗೆ ಬಿದ್ದಿದ್ದು ಬರೀ ಸರದಿಯ ಆಟ. ಬೆಳಗ್ಗೆ ಬಿದ್ದಿದ್ದರೆ ಅದೇ ಬ್ರಾಕೆಟ್ ಅಗ್ಗ, ಸಂಜೆಗೆ ಬಿದ್ದರೆ ದುಬಾರಿ ಅಂದರೆ ನಗು ಬರಲ್ವಾ? ಇನ್ನು ಯಾವುದೋ ವಿಭಾಗದ ಎಡವಟ್ಟಿನಿಂದ ಓಟಿ ಬಂದಿದ್ದರೆ ಅದು ಆ ವಿಭಾಗದ ಲೆಕ್ಕಕ್ಕೆ.

ಪ್ರೀಮಿಯಂ ಓವರ್‌ಹೆಡ್‌ಗೆ ಹೋದರೆ ಕೂಲಿಯ ವ್ಯತ್ಯಾಸದಲ್ಲಿ ಅದು ಕಾಣುವುದೇ ಇಲ್ಲ. ಆಗ ನಮ್ಮ ಕೂಲಿ 1,10,700 ಮಾತ್ರ, ಒಟ್ಟು ವ್ಯತ್ಯಾಸ 10,700. ಎರಡು ವರ್ಕ್‌ಶಾಪ್‌ಗಳ ದರದ ವ್ಯತ್ಯಾಸ ಹೋಲಿಸುವ ಮುಂಚೆ ಪ್ರೀಮಿಯಂ ಎಲ್ಲಿ ಬರೆಯುತ್ತಾರೆ ಅಂತ ಕೇಳಿಕೊಳ್ಳಿ.

ಬುಧವಾರದ ಮೂರು ಗಂಟೆಯ ನಿಜವಾದ ಬೆಲೆ

ನಾಲ್ಕು ತುಂಡು ಮಾಡಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ನನಗೆ ಇಲ್ಲಿಂದ ಮುಂದಿನದೇ ಮುಖ್ಯ ಅನಿಸುತ್ತೆ. ಕಾಗದದ ಮೇಲೆ ಖಾಲಿ ಸಮಯ ಒಂದು ಸಾಲು, ಪ್ರೀಮಿಯಂ ಇನ್ನೊಂದು ಸಾಲು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನೋ ಹಾಗೆ ಕೂತಿವೆ. ಆದರೆ ವರ್ಕ್‌ಶಾಪ್‌ನಲ್ಲಿ ನಡೆದಿದ್ದು ಹಾಗಲ್ಲ.

ಆ 1,000 ಬ್ರಾಕೆಟ್‌ಗೆ 504 ಗಂಟೆ ದುಡಿಮೆ ಬೇಕಾಯ್ತು. ಕಂಪ್ರೆಸರ್ ಕೆಡದೇ ಇದ್ದಿದ್ದರೆ ಅದರಲ್ಲಿ 480 ಗಂಟೆ ಮಾಮೂಲಿ ಹೊತ್ತಿನಲ್ಲೇ ಆಗುತ್ತಿತ್ತು. ಓಟಿ ಬೇಕಾಗುತ್ತಿದ್ದದ್ದು 24 ಗಂಟೆ. ಆದರೆ ಮಾಡಿದ್ದು 60 ಗಂಟೆ. ಮಿಕ್ಕ 36 ಗಂಟೆ ಎಲ್ಲಿಂದ ಬಂತು? ಬುಧವಾರ ಕಳೆದುಕೊಂಡ 36 ಗಂಟೆಯನ್ನೇ ಗುರುವಾರ, ಶುಕ್ರವಾರ ಸಂಜೆ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡರು.

ಹಾಗಾಗಿ 6,150ರ ಪ್ರೀಮಿಯಂನಲ್ಲಿ 36 × 102.50, ಅಂದರೆ 3,690 ರೂಪಾಯಿ ಕಂಪ್ರೆಸರ್‌ನದ್ದೇ. ಉಳಿದ 2,460 ಮಾತ್ರ ಆರ್ಡರ್ ಜಾಸ್ತಿ ಇದ್ದದ್ದಕ್ಕೆ. ಕಂಪ್ರೆಸರ್ ಕೆಟ್ಟಿದ್ದರ ಪೂರ್ತಿ ಬೆಲೆ ಬೇಕು ಅಂದರೆ 36 ಗಂಟೆಗೆ 307.50ರಂತೆ 11,070 ರೂಪಾಯಿ. ಖಾಲಿ ಸಮಯದ 7,200, ಪ್ರೀಮಿಯಂನ 3,690, ಏರಿದ ದರದ 180, ಈ ಮೂರು ಸೇರಿದರೆ ಅಷ್ಟೇ ಬರುತ್ತೆ. ವರದಿಯಲ್ಲಿ ಬರೀ 7,200 ನೋಡಿದ ಮ್ಯಾನೇಜರ್ ‘ಕಂಪ್ರೆಸರ್ ಸರ್ವಿಸ್‌ಗೆ ಇಷ್ಟು ಖರ್ಚು ಯಾಕೆ, ಮುಂದೆ ನೋಡೋಣ’ ಅಂದುಬಿಡಬಹುದು. 11,070 ನೋಡಿದರೆ ಯೋಚನೆ ಬದಲಾಗಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಬ್ರಾಕೆಟ್‌ಗಳನ್ನು ಅದೇ ವಾರ ಕೊಡಲೇಬೇಕಿತ್ತು ಅಂತ ನಾವು ಒಪ್ಪಿಕೊಂಡಿದ್ದೇವೆ. ಮುಂದಿನ ವಾರ ಕೆಲಸ ಕಮ್ಮಿ ಇದ್ದು, ಆರ್ಡರ್ ಎರಡು ದಿನ ತಡೆಯಬಹುದಾಗಿದ್ದರೆ ಓಟಿ ಹಾಕಬೇಕಾಗೇ ಇರಲಿಲ್ಲ. ಆಗ ಆ 3,690 ಕಂಪ್ರೆಸರ್‌ನ ತಪ್ಪಲ್ಲ, ಓಟಿ ಹಾಕಿಸಿದವರ ನಿರ್ಧಾರ. ಇದನ್ನು ಸೂತ್ರ ಹೇಳಲ್ಲ. ಪ್ಲಾನಿಂಗ್‌ನವರ ಹತ್ತಿರ ಹೋಗಿ ಡೆಲಿವರಿ ತಾರೀಕು ಕೇಳಬೇಕು.

ಆ 800 ರೂಪಾಯಿ ಒಳಗೆ ಇಣುಕಿದರೆ

ದಕ್ಷತೆಯ ವ್ಯತ್ಯಾಸ 800, ತೀರಾ ಕಮ್ಮಿ, ಬಿಟ್ಟುಬಿಡೋಣ ಅನಿಸುತ್ತೆ. ನಾನೂ ಬಿಡುತ್ತಿದ್ದೆ. ಆದರೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು ಅಂತ ಬರೆಯುವ ಜಾಬ್ ಕಾರ್ಡ್‌ನಲ್ಲಿ ಮಾಮೂಲಿ ಹೊತ್ತಿನ ಬ್ರಾಕೆಟ್ ಮತ್ತು ಓಟಿಯ ಬ್ರಾಕೆಟ್ ಬೇರೆ ಬೇರೆ ಬರೆದಿದ್ದರೆ ಒಮ್ಮೆ ನೋಡಿ.

ನಮ್ಮ ಶಾಪ್‌ನಲ್ಲಿ ಮಾಮೂಲಿ ಹೊತ್ತಿನಲ್ಲಿ ದುಡಿದದ್ದು 480ರಿಂದ 36 ಕಳೆದರೆ 444 ಗಂಟೆ. ಆ ಹೊತ್ತಿನಲ್ಲಿ 892 ಬ್ರಾಕೆಟ್ ಆದವು ಅಂದುಕೊಳ್ಳಿ. ಅಂದರೆ 446 ಸ್ಟ್ಯಾಂಡರ್ಡ್ ಗಂಟೆಯ ಕೆಲಸ. ಎರಡು ಗಂಟೆ ಉಳಿಸಿದ್ದಾರೆ, 400 ರೂಪಾಯಿ ಅನುಕೂಲ. ಓಟಿಯ 60 ಗಂಟೆಯಲ್ಲಿ ಆದದ್ದು 108 ಬ್ರಾಕೆಟ್, ಅಂದರೆ 54 ಗಂಟೆಯ ಕೆಲಸ. ಆರು ಗಂಟೆ ಜಾಸ್ತಿ, 1,200 ರೂಪಾಯಿ ಪ್ರತಿಕೂಲ. ಎರಡನ್ನೂ ಸೇರಿಸಿದರೆ ಅದೇ 800.

ಹಗಲಿನಲ್ಲಿ ಜನ ಸ್ಟ್ಯಾಂಡರ್ಡ್‌ಗಿಂತ ಚುರುಕು. ಸಂಜೆ ಸುಸ್ತು. ಹೊಸದೇನಲ್ಲ, ಎಂಟು ಗಂಟೆ ನಿಂತು ದುಡಿದ ಮೈ ಒಂಬತ್ತನೇ ಗಂಟೆಗೆ ಹಾಗೇ ಇರುತ್ತಾ? ಲೆಕ್ಕಕ್ಕೆ ಇದರ ಅರ್ಥ ಏನೆಂದರೆ, ಓಟಿಯ ಬೆಲೆ ಬರೀ ಪ್ರೀಮಿಯಂ ಅಲ್ಲ. ಓಟಿಯಲ್ಲಿ ಮಾಡಿದ ಬ್ರಾಕೆಟ್ ಒಂದಕ್ಕೆ ಬಿದ್ದ ಕೂಲಿ ನೋಡಿ. 60 ಗಂಟೆಗೆ 307.50ರಂತೆ 18,450 ರೂಪಾಯಿ, ಭಾಗಿಸು 108. ಒಂದಕ್ಕೆ ಸುಮಾರು 171 ರೂಪಾಯಿ. ಸ್ಟ್ಯಾಂಡರ್ಡ್ 100 ಇತ್ತು. ‘ಒಂದೂವರೆ ಪಟ್ಟು’ ಅಂತ ಬಾಯಲ್ಲಿ ಹೇಳುತ್ತೇವೆ, ಕೈಯಿಂದ ಹೋಗಿದ್ದು ಅದಕ್ಕಿಂತ ಜಾಸ್ತಿ.

ಸ್ಟ್ಯಾಂಡರ್ಡ್‌ನಲ್ಲೇ ಖಾಲಿ ಸಮಯ ಸೇರಿದ್ದರೆ

ಈಗ ಆಗಲೇ ಬಾಕಿ ಇಟ್ಟ ಮಾತು. ಯಾವ ವರ್ಕ್‌ಶಾಪ್‌ನಲ್ಲೂ ಸೊನ್ನೆ ಖಾಲಿ ಸಮಯ ಇರಲ್ಲ. ಟೂಲ್ ಬದಲಿಸಬೇಕು, ಮುಂದಿನ ಕೆಲಸದ ಡ್ರಾಯಿಂಗ್‌ಗೆ ಕಾಯಬೇಕು. ಹಾಗಾಗಿ ಕೆಲವು ಕಡೆ ‘ಹಾಜರಿಯ 100 ಗಂಟೆಯಲ್ಲಿ 5 ಖಾಲಿ ಹೋಗುವುದು ಮಾಮೂಲು’ ಅಂತ ಮೊದಲೇ ಒಪ್ಪಿಕೊಂಡಿರುತ್ತಾರೆ.

ಹಾಗಿದ್ದರೆ 540 ಗಂಟೆಯಲ್ಲಿ 27 ಗಂಟೆ ನಿರೀಕ್ಷಿತವೇ. ವ್ಯತ್ಯಾಸ ಬರುವುದು ಉಳಿದ 9 ಗಂಟೆಗೆ ಮಾತ್ರ. ಆ ವಾರ 20 ಗಂಟೆ ಮಾತ್ರ ಖಾಲಿ ಹೋಗಿದ್ದರೆ 7 ಗಂಟೆ ಉಳಿದ ಲೆಕ್ಕ, ಖಾಲಿ ಸಮಯದ ವ್ಯತ್ಯಾಸ ಅನುಕೂಲವಾಗುತ್ತಿತ್ತು. ಯಾವಾಗಲೂ ಪ್ರತಿಕೂಲ ಅನ್ನುವ ನಿಯಮ ಇಲ್ಲಿ ಮುರಿಯುತ್ತೆ.

ಆಗ ದರವೂ ಬದಲಾಗಬೇಕು. 95 ಗಂಟೆ ದುಡಿಮೆಗೆ 100 ಗಂಟೆಯ ಕೂಲಿ ಕೊಡುತ್ತೇವೆ ಅಂದರೆ ದುಡಿದ ಗಂಟೆಯೊಂದರ ಸ್ಟ್ಯಾಂಡರ್ಡ್ ಬೆಲೆ 200 ಅಲ್ಲ, 200 ಭಾಗಿಸು 0.95, ಸುಮಾರು 210.53. ಖಾಲಿ ಸಮಯ ಮತ್ತು ದಕ್ಷತೆ ಎರಡಕ್ಕೂ ಈ ದರವನ್ನೇ ಹಾಕಬೇಕು. ಒಂಬತ್ತು ಗಂಟೆಗೆ ಸುಮಾರು 1,895, ನಾಲ್ಕು ಗಂಟೆಗೆ ಸುಮಾರು 842. 1,000 ಬ್ರಾಕೆಟ್‌ನ ಸ್ಟ್ಯಾಂಡರ್ಡ್ ಕೂಲಿಯೂ ಆಗ ಸುಮಾರು 1,05,263 ಆಗುತ್ತೆ, ಹಾಗಾಗಿ ಒಟ್ಟು ವ್ಯತ್ಯಾಸ 16,850 ಅಲ್ಲ, ಸುಮಾರು 11,587. ಹಾಜರಿಯ ಗಂಟೆಗೆ ಸಂಬಂಧಿಸಿದ ದರದ ವ್ಯತ್ಯಾಸಕ್ಕೆ ಮಾತ್ರ ಹಳೆಯ 200 ಸರಿ. 27 ಗಂಟೆ ಕಳೆದು, ದರ ಮಾತ್ರ 200ರಲ್ಲೇ ಬಿಟ್ಟರೆ ತುಂಡುಗಳ ಮೊತ್ತ ಒಟ್ಟಿಗೆ ತಾಳೆಯಾಗಲ್ಲ. ತಾಳೆ ತಪ್ಪಿತು ಅಂದರೆ ಮೊದಲು ಇಲ್ಲೇ ಹುಡುಕಿ.

ಇನ್ನೊಂದು ಕಡೆ ಅರ್ಧ ಗಂಟೆಯ ಸ್ಟ್ಯಾಂಡರ್ಡ್ ಒಳಗೇ ಸ್ವಲ್ಪ ಬಿಡುವು ಸೇರಿಸಿ ಇಟ್ಟಿರುತ್ತಾರೆ. ಅಲ್ಲಿ ಮಾಮೂಲಿ ಖಾಲಿ ಸಮಯವನ್ನು ಮತ್ತೆ ಕಳೆಯುವ ಹಾಗಿಲ್ಲ. ಕಳೆದರೆ ಒಂದೇ ರಿಯಾಯಿತಿ ಎರಡು ಸಲ ಕೊಟ್ಟ ಹಾಗೆ, ದಕ್ಷತೆ ಸುಳ್ಳೇ ಹೊಳೆಯುತ್ತೆ. ಸ್ಟ್ಯಾಂಡರ್ಡ್ ಹಾಕಿದವರನ್ನು ಕೇಳದೆ ಇದು ಗೊತ್ತಾಗಲ್ಲ.

ಮೊತ್ತ ಸರಿ, ಹಂಚಿಕೆ ತಪ್ಪು

ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ತಿಂಗಳು ತಪ್ಪು ವರದಿ ಕೊಟ್ಟಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ಸಂಬಳದ ವಿಭಾಗದಿಂದ ಬರುವ ಹಾಳೆಯಲ್ಲಿ ‘ಪಾವತಿ ಗಂಟೆ’ ಅಂತ ಒಂದು ಕಾಲಂ ಇತ್ತು. ನಾನು ಅದನ್ನೇ ಎತ್ತಿಕೊಳ್ಳುತ್ತಿದ್ದೆ. ಅವರು ಓಟಿಯನ್ನು ದರದಲ್ಲಿ ಏರಿಸದೆ ಗಂಟೆಯಲ್ಲಿ ಏರಿಸುತ್ತಿದ್ದರು. ಒಂದು ಓಟಿ ಗಂಟೆಗೆ ಒಂದೂವರೆ ಗಂಟೆ ಅಂತ ಬರೆಯೋದು. ದುಡ್ಡು ಕೊಡೋಕೆ ಅದು ಸುಲಭ, ವ್ಯತ್ಯಾಸದ ಲೆಕ್ಕಕ್ಕೆ ವಿಷ.

ನಮ್ಮ ಬ್ರಾಕೆಟ್ ವಾರಕ್ಕೆ ಹಾಗೆ ಮಾಡಿದರೆ 60 ಗಂಟೆ 90 ಆಗುತ್ತೆ, ಒಟ್ಟು 570. ಅದನ್ನು 205ರಿಂದ ಗುಣಿಸಿದರೆ ಸರಿಯಾಗಿ 1,16,850! ಬಿಲ್ ತಾಳೆಯಾಗುತ್ತೆ, ಅನುಮಾನವೇ ಬರಲ್ಲ. ಆದರೆ ದರದ ವ್ಯತ್ಯಾಸ 2,850ಕ್ಕೆ ಇಳಿಯುತ್ತೆ, ದಕ್ಷತೆಯ ವ್ಯತ್ಯಾಸ 70 ಗಂಟೆಗೆ 14,000ಕ್ಕೆ ಏರುತ್ತೆ. ಪ್ರೀಮಿಯಂ ಹೆಚ್ಚುಕಮ್ಮಿ ಪೂರ್ತಿ ಹೋಗಿ ದಕ್ಷತೆಯೊಳಗೆ ಅಡಗಿ ಕೂರುತ್ತೆ. ಬಯ್ಗುಳ ತಿಂದವರು ಸೂಪರ್‌ವೈಸರ್.

ಗುರುತು ಹೀಗಿದೆ: ಓಟಿ ಜಾಸ್ತಿ ಇದ್ದ ವಾರವೂ ದರದ ವ್ಯತ್ಯಾಸ ಅಲ್ಲಾಡದೆ ಇದ್ದು, ದಕ್ಷತೆ ಮಾತ್ರ ಓಟಿಯ ಜೊತೆಗೇ ಕುಸಿಯುತ್ತಿದ್ದರೆ ಗಂಟೆಯ ಕಾಲಂ ಮೇಲೆ ಅನುಮಾನ ಪಡಿ. ಸಂಬಳದ ಹಾಳೆಯ ಗಂಟೆಯನ್ನು ಗೇಟಿನ ಹಾಜರಿಯ ಜೊತೆ ಇಟ್ಟು ನೋಡಿ. ಒಬ್ಬ ಮನುಷ್ಯ 45 ಗಂಟೆ ಒಳಗಿದ್ದು ಹಾಳೆಯಲ್ಲಿ 47.5 ಇದ್ದರೆ ಅಲ್ಲೇ ಸಿಕ್ಕಿಬಿತ್ತು.

ಇನ್ನೊಂದು ಮೋಸ ಇದಕ್ಕಿಂತ ಸದ್ದಿಲ್ಲದ್ದು. ಖಾಲಿ ಸಮಯ ಬರೆಯಬೇಕು ಅಂದರೆ ಬೇರೆ ಚೀಟಿ, ಅದಕ್ಕೆ ಕಾರಣ, ಅದಕ್ಕೊಂದು ಸಹಿ. ಯಾರಿಗೆ ಬೇಕು ಆ ರಗಳೆ? ಕೆಲಸಗಾರ ಆ ಮೂರು ಗಂಟೆಯನ್ನೂ ಬ್ರಾಕೆಟ್‌ನ ಜಾಬ್ ಕಾರ್ಡ್‌ಗೇ ಸೇರಿಸಿ ಬರೆದುಬಿಡುತ್ತಾನೆ. ಆಗ ಜಾಬ್ ಕಾರ್ಡ್‌ನಲ್ಲಿ 540, ಖಾಲಿ ಸೊನ್ನೆ. ಹಾಜರಿಯ ಜೊತೆ ತಾಳೆ ನೋಡಿದರೂ ಸರಿ ಬರುತ್ತೆ, ಯಾಕೆಂದರೆ 540 ಅಲ್ಲೂ ಇದೆ, ಇಲ್ಲೂ ಇದೆ. ನಾವು ಇಷ್ಟು ಹೊತ್ತು ಬಿಡಿಸಿದ ತುಂಡುಗಳೆಲ್ಲ ಮತ್ತೆ ಒಂದಾಗಿ ಹೋಗುತ್ತವೆ.

ತಿಂಗಳುಗಟ್ಟಲೆ ಖಾಲಿ ಸಮಯ ಸೊನ್ನೆ ಅಂತ ಬರುತ್ತಿದ್ದರೆ ಆ ಶಾಪ್ ಬಗ್ಗೆ ಹೆಮ್ಮೆ ಪಡುವ ಮುಂಚೆ ಮೆಂಟೆನೆನ್ಸ್‌ನವರ ಪುಸ್ತಕ ತರಿಸಿಕೊಳ್ಳಿ. ಯಾವ ದಿನ ಯಾವ ಮಷಿನ್ ಎಷ್ಟು ಹೊತ್ತು ನಿಂತಿತ್ತು ಅಂತ ಅವರು ತಮ್ಮ ಕೆಲಸಕ್ಕೆ ಬರೆದಿಟ್ಟಿರುತ್ತಾರೆ. ಅದನ್ನು ದಿನವಹಿ ಬ್ರಾಕೆಟ್ ಎಣಿಕೆಯ ಪಕ್ಕ ಇಟ್ಟು ಬೆರಳಿಟ್ಟು ಓದಿ. ಬುಧವಾರ ಹತ್ತರಿಂದ ಒಂದರವರೆಗೆ ಕಂಪ್ರೆಸರ್ ರಿಪೇರಿ ಅಂತ ಅಲ್ಲಿ ಇದೆ. ಅದೇ ದಿನ ಬ್ರಾಕೆಟ್ ಎಣಿಕೆ ಉಳಿದ ದಿನಕ್ಕಿಂತ ಎಪ್ಪತ್ತು ಚಿಲ್ಲರೆ ಕಮ್ಮಿ. ಅರ್ಧ ಗಂಟೆಗೊಂದರಂತೆ ಗುಣಿಸಿ ನೋಡಿದರೆ ಆ 36 ಗಂಟೆ ಹೆಚ್ಚುಕಮ್ಮಿ ಅಲ್ಲೇ ಸಿಗುತ್ತೆ.